ನಾವು ಆಡದ ಮಾತಿಗೆ ಬರೆದ ಉತ್ತರ

ಮೂಡಿಗೆರೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಬೆಳೆಯ ಬಹುಪಾಲು ಪೇಟೆಯ ವ್ಯಾಪಾರಿಗೇ ಹೋಗುತ್ತದೆ. ಆಯ್ದು ಕೊಯ್ದ ಅರೇಬಿಕಾವನ್ನು ಮಾತ್ರ ಪ್ರತ್ಯೇಕವಾಗಿ ಒಣಗಿಸಿ, ಬೆಂಗಳೂರಿನ ಕೆಫೆಗಳಿಗೂ ಕಾಫಿ ಹುರಿಯುವವರಿಗೂ ನೇರವಾಗಿ ಮಾರುತ್ತೇನೆ. ಕಳೆದ ವರ್ಷ ಆ ಮಾಲು 360 ಕಿಲೋ ಇತ್ತು. ಹೊಸ ಗಿರಾಕಿಗಳನ್ನು ಹುಡುಕಿಕೊಡುತ್ತೇವೆ ಎಂದ ಒಂದು ಪ್ರಚಾರ ಸಂಸ್ಥೆಗೆ 180 ವಿಳಾಸಗಳ ಪಟ್ಟಿಯನ್ನೂ ನನ್ನ ಇಮೇಲ್ ಖಾತೆಯನ್ನೂ ಒಪ್ಪಿಸಿದೆ. ಅವರು ಬರೆದದ್ದನ್ನು ಸರಿಯಾಗಿ ಓದದೆ ‘ಕಳುಹಿಸಿ’ ಎಂದವನೂ ನಾನೇ. ಕೊಯ್ಲಿನ ದಿನಗಳು, ಆಳುಗಳ ಲೆಕ್ಕದಲ್ಲಿ ಮುಳುಗಿದ್ದೆ ಎನ್ನುವುದು ನೆಪ ಅಷ್ಟೇ.

ಇಮೇಲ್‌ನ ವಿಷಯದ ಸಾಲು ಹೀಗಿತ್ತು: ‘Re: ಮಾದರಿ ಕಾಫಿಯ ಕುರಿತು ನಮ್ಮ ಮಾತುಕತೆ’. ಅಂಥ ಮಾತುಕತೆಯೇ ನಡೆದಿರಲಿಲ್ಲ. ಕೆಳಗೆ, ಹಳೆಯ ಪತ್ರವನ್ನು ಉದ್ಧರಿಸಿದಂತೆ ತಾರೀಖು ಹಾಕಿ, ನಾನು ಎಂದೂ ಬರೆಯದ ನಾಲ್ಕು ಸಾಲುಗಳನ್ನು ಅಂಟಿಸಿದ್ದರು. ಜೊತೆಗೆ ‘ನಿಮಗಾಗಿ ಕೊನೆಯ 3 ಚೀಲ ತೆಗೆದಿರಿಸಿದ್ದೇವೆ, ಈ ದರ ಶುಕ್ರವಾರ ಸಂಜೆಯವರೆಗೆ ಮಾತ್ರ’ ಎಂಬ ಒಕ್ಕಣೆ.

ಮೊದಲ ದಿನ ಸಂಸ್ಥೆಯವರು ಸಂಭ್ರಮದಿಂದ ಫೋನ್ ಮಾಡಿದರು: ಅರ್ಧಕ್ಕಿಂತ ಹೆಚ್ಚು ಜನ ಪತ್ರ ತೆರೆದಿದ್ದಾರಂತೆ. ತೆರೆಯದೆ ಇರುತ್ತಾರೆಯೇ? ತಮ್ಮದೇ ಪತ್ರಕ್ಕೆ ಉತ್ತರ ಬಂದಿದೆ ಎಂದುಕೊಂಡಿದ್ದರು. ಉತ್ತರ ಬರೆದವರು 14 ಜನ. ಒಂಬತ್ತು ಜನ ಬೈದಿದ್ದರು, ಮೂವರು ‘ನೀವು ಯಾರು?’ ಎಂದಿದ್ದರು, ಇಬ್ಬರು ಮಾತ್ರ ಮಾದರಿ ಕೇಳಿದ್ದರು. ಬೈದವರಲ್ಲಿ ಒಬ್ಬ ಕೆಫೆ ಮಾಲೀಕರ ಪತ್ರ ಈಗಲೂ ನೆನಪಿದೆ. ಅವರು ಹಳೆಯ ಪತ್ರಗಳನ್ನೆಲ್ಲ ಅರ್ಧ ಗಂಟೆ ಜಾಲಾಡಿ, ಉತ್ತರಿಸದೆ ಬಿಟ್ಟಿದ್ದೇಕೆ ಎಂದು ತಮ್ಮ ವ್ಯವಸ್ಥಾಪಕಿಯನ್ನು ಗದರಿ, ಕೊನೆಗೆ ಅವಳ ಬಳಿ ಕ್ಷಮೆ ಕೇಳಿದ್ದರಂತೆ. ನನ್ನ ಸುಳ್ಳಿಗೆ ಯಾರೋ ಒಬ್ಬ ಹುಡುಗಿ ಬೈಗುಳ ತಿಂದಳು.

ಚೀಲದ ಸುಳ್ಳು ಇನ್ನೂ ಬೇಗ ಬಯಲಾಯಿತು. ಒಂದೇ ರಸ್ತೆಯ ಇಬ್ಬರು ಕೆಫೆಯವರು ಸಂಜೆ ಮಾತಾಡುವಾಗ ಇಬ್ಬರಿಗೂ ಅದೇ ‘ಕೊನೆಯ 3 ಚೀಲ’ ಬಂದದ್ದು ತಿಳಿಯಿತು. ಸೋಮವಾರ ಸಂಸ್ಥೆಯವರು ಅದೇ ದರಕ್ಕೆ ಮತ್ತೊಂದು ಪತ್ರ ಕಳುಹಿಸಿದ್ದರಿಂದ ಶುಕ್ರವಾರದ ಗಡುವೂ ಹಾಸ್ಯವಾಯಿತು. ಮಾದರಿ ಕೇಳಿದ್ದ ಇಬ್ಬರಲ್ಲಿ ಒಬ್ಬರು, ‘ಗಡುವು ಮುಗಿದ ಮೇಲೂ ಅದೇ ದರವಾದರೆ ಇನ್ನೂ ಹತ್ತು ದಿನ ಕಾಯುತ್ತೇನೆ, ಆಗ ಇಳಿಸುತ್ತೀರಿ’ ಎಂದು ನೇರವಾಗಿ ಹೇಳಿದರು. ನಮ್ಮ ದರ ಸುಳ್ಳಾಗಿರಲಿಲ್ಲ, ಆದರೆ ಅದನ್ನು ನಂಬಿಸುವ ದಾರಿಯನ್ನು ನಾವೇ ಮುಚ್ಚಿಕೊಂಡಿದ್ದೆವು. ಅಂದಹಾಗೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸದ ತಂತ್ರಗಳ ಪಟ್ಟಿ ಇದೆ. ಅದರ ಮೊದಲ ಹೆಸರೇ ಸುಳ್ಳು ತುರ್ತು.

ದೊಡ್ಡ ಪೆಟ್ಟು ಬಿದ್ದದ್ದು ಎರಡು ವಾರದ ನಂತರ. ಐದು ವರ್ಷದಿಂದ ಮಾಲು ಕೊಳ್ಳುತ್ತಿದ್ದ ಮೈಸೂರಿನ ಹುರಿಯುವವರೊಬ್ಬರು ಫೋನ್ ಮಾಡಿ, ‘ಗೌಡರೇ, ಈ ಸಲ ದರವನ್ನೇ ಕಳುಹಿಸಲಿಲ್ಲವಲ್ಲ, ನಾನು ಬೇರೆಯವರಲ್ಲಿ ತೆಗೆದುಕೊಂಡೆ’ ಎಂದರು. ನಾನು ಕಳುಹಿಸಿದ್ದೆ. ಅದು ಅವರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಕೆರಳಿದ ಕೆಲವರು ಸ್ಪ್ಯಾಮ್ ಗುಂಡಿ ಒತ್ತಿದ್ದರು, ಆ ದೂರು ನಮ್ಮ ಇಡೀ ಡೊಮೈನ್‌ಗೆ, ಅಂದರೆ ಇಮೇಲ್ ವಿಳಾಸದಲ್ಲಿ @ ನಂತರ ಬರುವ ಹೆಸರಿಗೇ, ಅಂಟಿಕೊಂಡಿತ್ತು. ಇಂಥ ದೂರಿನ ಪ್ರಮಾಣ ಶೇ. 0.1ರ ಒಳಗಿರಲಿ, ಶೇ. 0.3 ಮುಟ್ಟದಿರಲಿ ಎಂದು ಗೂಗಲ್ ಕಳುಹಿಸುವವರಿಗೆ ಹೇಳುತ್ತದೆ. 180 ಪತ್ರಗಳಲ್ಲಿ ಒಬ್ಬರೇ ದೂರಿದರೂ ಅದು ಶೇ. 0.5 ದಾಟುತ್ತದೆ. ನಮ್ಮಂಥ ಸಣ್ಣವರಿಗೆ ಇದನ್ನು ಮೊದಲೇ ಅರಿಯುವುದೂ ಕಷ್ಟ: ಕಳುಹಿಸುವ ಪತ್ರಗಳು ಕಡಿಮೆಯಿದ್ದರೆ, ದೂರಿನ ಲೆಕ್ಕ ಕೊಡುವ ಗೂಗಲ್‌ನ Postmaster Tools ಅಂಕಿಯನ್ನೇ ತೋರಿಸುವುದಿಲ್ಲ. ಹಳೆಯ ಗಿರಾಕಿ ಫೋನ್ ಮಾಡಿದಾಗಲೇ ಗೊತ್ತಾಗುವುದು.

ನಿಮಗೂ ಇಂಥ ‘ಉತ್ತರ’ ಬಂದರೆ ಜಿಮೇಲ್‌ನಲ್ಲಿ ಆ ಪತ್ರದ ಮೂರು ಚುಕ್ಕಿ ಒತ್ತಿ Show original ತೆರೆಯಿರಿ. ನಿಜವಾದ ಉತ್ತರದಲ್ಲಿ ಸಾಮಾನ್ಯವಾಗಿ In-Reply-To ಎಂಬ ಸಾಲಿರುತ್ತದೆ, ಅದು ಹಿಂದಿನ ಪತ್ರದ ಗುರುತನ್ನು ಹೇಳುತ್ತದೆ. ನಮ್ಮ ಪತ್ರದಲ್ಲಿ ಆ ಸಾಲೇ ಇರಲಿಲ್ಲ. ಆ ಸಾಲನ್ನೂ ನಕಲು ಮಾಡಬಹುದು, ಆದ್ದರಿಂದ ಅದು ಹೇಳುವ ಹಿಂದಿನ ಪತ್ರ ನಿಮ್ಮಲ್ಲಿ ಇದೆಯೇ ಎಂದೂ ನೋಡಿ. ನಾವೇ ಮೊದಲು ಕಳುಹಿಸಿದ ಪತ್ರಕ್ಕೆ ಅದೇ ಸರಣಿಯಲ್ಲಿ ಇನ್ನೊಂದು ಜ್ಞಾಪನೆ ಬರೆದಾಗ Re: ಬಂದರೆ ಅದು ಮೋಸವಲ್ಲ; ಮೊದಲ ಪತ್ರ ಅಲ್ಲೇ ಕೆಳಗಿರುತ್ತದೆ.

ಸಂಸ್ಥೆಯನ್ನು ಬಿಟ್ಟೆ. ಆರು ತಿಂಗಳು ಹಳೆಯ ಗಿರಾಕಿಗಳಿಗೆ ಮಾತ್ರ ಒಂದೊಂದೇ ಪತ್ರ ಬರೆದೆ. ಈ ವರ್ಷ ಹೊಸಬರಿಗೆ ಬರೆದದ್ದು ಇಷ್ಟೇ: ‘ಮಾಲು 360 ಕಿಲೋ ಇತ್ತು, ಇಂದು 120 ಕಿಲೋ ಉಳಿದಿದೆ. ಮುಗಿದರೆ ಮುಂದಿನ ಕೊಯ್ಲಿನವರೆಗೆ ಇಲ್ಲ.’ ಆ ವ್ಯವಸ್ಥಾಪಕಿಯ ಮಾಲೀಕರಿಗೂ ಒಂದು ಕ್ಷಮಾಪಣೆ ಕಳುಹಿಸಿದೆ. ಅವರು ಉತ್ತರಿಸಿದರು: ‘120 ಕಿಲೋ ನಿಜವೇ? ಗೋದಾಮಿನ ಚೀಲಗಳ ಫೋಟೊ ಕಳುಹಿಸಿ.’ ಕಳುಹಿಸಿದೆ. ಎಣಿಸಿ ನೋಡಿರಬೇಕು, ಮರುದಿನ 10 ಕಿಲೋ ಕೇಳಿದರು.