ತೆಳ್ಳಗಿನ ದನಿಗೆ ಮೈ ಕೊಡಲು: ಮೂರು ಸ್ಯಾಚುರೇಶನ್ ಪ್ಲಗಿನ್‌ಗಳ ಹೋಲಿಕೆ

ಮನೆಯಲ್ಲಿ ಯುಎಸ್‌ಬಿ ಮೈಕಿನಲ್ಲಿ ಹಿಡಿದ ಹೆಣ್ಣು ದನಿ. ಸ್ವಚ್ಛವಾಗಿದೆ, ಆದ್ರೆ ಮೈಯೇ ಇಲ್ಲ. 'ಸ', 'ಶ' ಬಂದಾಗ ಕಿವಿಗೆ ಚುಚ್ಚುತ್ತದೆ. ಸ್ಯಾಚುರೇಶನ್ ಅಂದರೆ ಸದ್ದನ್ನು ಹದವಾಗಿ ಒಡೆದು, ಅದರ ಎರಡು ಪಟ್ಟು, ಮೂರು ಪಟ್ಟಿನ ಹಾರ್ಮೋನಿಕ್‌ಗಳನ್ನು ಸೇರಿಸುವುದು. ಈ ಟ್ರ್ಯಾಕಿನ ಮೇಲೆ ಸಾಫ್ಟ್‌ಟ್ಯೂಬ್‌ನ ಸ್ಯಾಚುರೇಶನ್ ನಾಬ್, ಸೌಂಡ್‌ಟಾಯ್ಸ್‌ನ ಡಿಕ್ಯಾಪಿಟೇಟರ್, ಚೌ ಟೇಪ್ ಮಾಡೆಲ್, ಮೂರನ್ನೂ ಹಾಕಿ ನೋಡಿದೆ. ಡಿಕ್ಯಾಪಿಟೇಟರ್‌ಗೆ ಮಾತ್ರ ದುಡ್ಡು ಕೊಡಬೇಕು. ಪ್ರತಿ ಸಲವೂ ಔಟ್‌ಪುಟ್ ತಗ್ಗಿಸಿ ಮೂಲದಷ್ಟೇ ಜೋರು ಇಟ್ಟುಕೊಂಡೆ. ಇಲ್ಲದಿದ್ದರೆ ಜೋರಾಗಿರೋದೇ ಚೆನ್ನಾಗಿ ಕೇಳಿಸುತ್ತದೆ, ಅಲ್ವಾ?

ಸ್ಯಾಚುರೇಶನ್ ನಾಬ್‌ನಲ್ಲಿ ಇರೋದು ಒಂದೇ ತಿರುಗಣೆ, ಒಂದು ಸ್ವಿಚ್. ಸ್ವಿಚ್ Neutral ಮೇಲಿದ್ದಾಗ ದನಿ ದಪ್ಪವಾಯಿತು, ಆದರೆ 'ಸ' ಚರಚರ ಅನ್ನತೊಡಗಿತು. Keep High ಹಾಕಿದರೆ ಮೇಲಿನ ಸ್ವರಭಾಗವನ್ನು ಅದು ಹೆಚ್ಚು ಮುಟ್ಟುವುದಿಲ್ಲ. ಚುಚ್ಚುವಿಕೆ ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ.

ಡಿಕ್ಯಾಪಿಟೇಟರ್‌ನಲ್ಲಿ ಐದು ಬಗೆ. N ಇಟ್ಟು ಡ್ರೈವ್ ಸ್ವಲ್ಪ ಏರಿಸಿದರೆ ದನಿ ಮುಂದೆ ಬಂದು ನಿಲ್ಲುತ್ತದೆ. ಇದಕ್ಕೆ Tone ಅನ್ನು Dark ಕಡೆ ತಿರುಗಿಸಿ, Mix ಅರ್ಧಕ್ಕಿಂತ ಕೆಳಗೆ ಇಡಬೇಕಾಯಿತು. ಬೇಸ್ ಗಿಟಾರಿಗೆ ನನ್ನ ಮೊದಲ ಆಯ್ಕೆ ಇದೇ. ಈ ದನಿಗೆ ಮಾತ್ರ ಸ್ವಲ್ಪ ಜಾಸ್ತಿಯೇ ಆಯಿತು.

ಚೌ ಟೇಪ್ ಸೋನಿ ಟಿಸಿ-260 ಎಂಬ ಹಳೆಯ ರೀಲ್ ಯಂತ್ರದ ಮಾದರಿ. ಇದರಲ್ಲಿ ಕೆಲಸ ಮಾಡಿದ್ದು ಡ್ರೈವ್‌ಗಿಂತ ಟೇಪಿನ ವೇಗ. Speed ಇಳಿಸಿದಂತೆಲ್ಲ ಮೇಲಿನ ಭಾಗ ಮೆತ್ತಗಾಗುತ್ತದೆ, 'ಸ'ದ ಮೊನೆ ಮುರಿಯುತ್ತದೆ. ಸೆಕೆಂಡಿಗೆ 7.5 ಇಂಚಿಗೆ ದನಿ ಮಂಕಾಯಿತು, 15 ಸರಿಹೋಯಿತು. Flutter ಪೂರ್ತಿ ಆಫ್ ಮಾಡಿದೆ. ಅದಿದ್ದರೆ ಕೀಬೋರ್ಡ್ ಜೊತೆ ಶ್ರುತಿ ಅಲುಗಾಡುವುದು ಗೊತ್ತಾಗುತ್ತಿತ್ತು.

ಆದರೆ ಕರ್ಕಶತೆಯನ್ನು ನಿಜಕ್ಕೂ ತಗ್ಗಿಸಿದ್ದು ಇದರ ಓವರ್‌ಸ್ಯಾಂಪ್ಲಿಂಗ್. ಸೆಶನ್ 48 ಕಿಲೋಹರ್ಟ್ಸ್‌ನದು ಅಂದುಕೊಳ್ಳಿ. 'ಸ'ದಲ್ಲಿರುವ 9 ಕಿಲೋಹರ್ಟ್ಸ್‌ನ ಐದನೇ ಹಾರ್ಮೋನಿಕ್ 45. ಅಲ್ಲಿ 48ರ ಅರ್ಧ, ಅಂದರೆ 24ರ ಮೇಲೆ ಏನೂ ಹಿಡಿಸದು. ಹಾಗಾಗಿ ಅದು ಮಡಚಿಕೊಂಡು 3 ಕಿಲೋಹರ್ಟ್ಸ್‌ಗೆ ಬಂದು ಕೂರುತ್ತದೆ. ನಮ್ಮ ಕಿವಿ ತುಂಬ ಚುರುಕಾಗಿರುವ ಜಾಗ ಅದು, ಹಾಡಿನ ಶ್ರುತಿಗೂ ಅದಕ್ಕೂ ಸಂಬಂಧವಿಲ್ಲ. 4x ಹಾಕಿದರೆ ಒಳಗೆ ಲೆಕ್ಕ 192ರಲ್ಲಿ ನಡೆಯುತ್ತದೆ. ಆ 45 ಅಲ್ಲೇ ಉಳಿದು, ಹೊರಬರುವ ಮೊದಲೇ ಸೋಸಿಹೋಗುತ್ತದೆ. ಸಿಪಿಯು ಜಾಸ್ತಿ ಎಳೆಯುತ್ತದೆ, ಅಷ್ಟೆ.

ಒಂದು ಮಿತಿ ಮೂರಕ್ಕೂ ಇದೆ. ಹಾರ್ಮೋನಿಕ್‌ಗಳು ಮೂಲ ಸ್ವರದ ಮೇಲಕ್ಕೇ ಹುಟ್ಟುತ್ತವೆ: 220 ಹರ್ಟ್ಸ್ ಇದ್ದರೆ 440, 660. ಲೋ-ಕಟ್‌ನಲ್ಲಿ 200ರ ಆಸುಪಾಸನ್ನೇ ಕತ್ತರಿಸಿ ಹಾಕಿದ್ದರೆ ಡ್ರೈವ್ ಎಷ್ಟು ತಿರುಗಿಸಿದರೂ ಆ ಭಾಗ ಸರಿಯಾಗಿ ವಾಪಸ್ ಬರದು. ಮೊದಲು ಆ ಕಟ್ ಇಳಿಸಿ, ಈಕ್ಯೂನಲ್ಲಿ ಸ್ವಲ್ಪ ಎತ್ತಿ ನೋಡಿ.

ಈ ದನಿಗೆ ಕೊನೆಗೆ ಉಳಿಸಿಕೊಂಡಿದ್ದು ಚೌ ಟೇಪ್, ಅದರ ಮುಂಚೆ 'ಸ'ದ ಚುಚ್ಚುವಿಕೆ ತಗ್ಗಿಸುವ ಒಂದು ಡೀ-ಎಸ್ಸರ್. ಡೀ-ಎಸ್ಸರ್ ಅನ್ನು ಚೌ ಟೇಪ್ ಆದ ಮೇಲೆ ಹಾಕಿದರೆ 'ಸ' ಮೊದಲೇ ಒಡೆದಿರುತ್ತದೆ, ಆಮೇಲೆ ಅದರ ಸದ್ದು ತಗ್ಗುತ್ತದೆಯೇ ಹೊರತು ಒಡಕು ಹೋಗುವುದಿಲ್ಲ.