ಕರೆಂಟು ಹೋಗಿ ಬಂದ ಮೇಲೆ ನೀರು ಯಾವ ವಾಲ್ವಿಗೆ? ಮೂರು ಡ್ರಿಪ್ ಕಂಟ್ರೋಲರ್‌ಗಳ ಹೋಲಿಕೆ

ಗುಬ್ಬಿ ಕಡೆಯ ನಮ್ಮ ನಾಲ್ಕು ಎಕರೆ ಅಡಿಕೆ ತೋಟದಲ್ಲಿ ಮೂರು ಬಗೆಯ ಡ್ರಿಪ್ ಕಂಟ್ರೋಲರ್‌ಗಳನ್ನು ಬಳಸಿ ನೋಡಿದ್ದೇನೆ. ಮೊದಲನೆಯದು ಹನಿ ನೀರಾವರಿಯ ಸಾಮಾನುಗಳ ಜೊತೆಗೇ ಬಂದ, ಗಡಿಯಾರ ನೋಡಿ ವಾಲ್ವ್ ತೆರೆಯುವ ಸಾದಾ ಟೈಮರ್. ಎರಡನೆಯದು ಷಡ್ಡಕರ ತೋಟದಿಂದ ತಂದು ಒಂದು ಬೇಸಿಗೆ ಕಟ್ಟಿಕೊಂಡಿದ್ದ, ಸಿಮ್ ಹಾಕಿ ಮೊಬೈಲಿನಿಂದ ನಡೆಸುವ ಕಂಟ್ರೋಲರ್. ಮೂರನೆಯದು ಈಗ ಪಂಪ್ ಮನೆಯಲ್ಲಿರುವ, ಸಣ್ಣ ಸೋಲಾರ್ ಫಲಕ ಮತ್ತು 12 ವೋಲ್ಟ್ ಬ್ಯಾಟರಿಯ ಮೇಲೆ ನಡೆಯುವ ಕಂಟ್ರೋಲರ್. ನನ್ನ ಮತ ಮೂರನೆಯದಕ್ಕೆ. ಅದು ನಮ್ಮ ತ್ರೀ ಫೇಸ್ ಕರೆಂಟಿನ ರೀತಿಗೆ ಹೊಂದಿಕೊಂಡು ನಡೆಯುತ್ತದೆ ಎಂಬುದೇ ಅದಕ್ಕೆ ಕಾರಣ.

ಪಂಪ್‌ಸೆಟ್ಟಿಗೆ ದಿನಕ್ಕೆ ಸಿಗುವ ಏಳು ಗಂಟೆಯ ತ್ರೀ ಫೇಸ್ ಒಂದೇ ಸಲಕ್ಕೆ ಬರುವುದಿಲ್ಲ. ಸ್ವಲ್ಪ ರಾತ್ರಿ, ಸ್ವಲ್ಪ ಹಗಲು ಬರುತ್ತದೆ. ಪಾಳಿ ಬದಲಾಗುತ್ತದೆ, ನಡುವೆ ಹೋಗಿಯೂ ಬರುತ್ತದೆ. ನಮ್ಮಲ್ಲಿ ಎಕರೆಗೆ ಸುಮಾರು 550 ಗಿಡಗಳಿದ್ದು, ಒಂದೊಂದಕ್ಕೂ ಗಂಟೆಗೆ 8 ಲೀಟರಿನ ಎರಡು ಡ್ರಿಪ್ಪರ್‌ಗಳಿವೆ. ಅಂದರೆ ಒಂದು ಎಕರೆಗೆ ಗಂಟೆಗೆ 8,800 ಲೀಟರ್ ಬೇಕು. ಬೋರ್ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ಎಕರೆಗೊಂದು ವಾಲ್ವ್ ಇಟ್ಟು ಒಂದಾದ ಮೇಲೊಂದರಂತೆ ಬಿಡುತ್ತೇವೆ. ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 20 ಲೀಟರ್ ಎಂದು ಲೆಕ್ಕ ಹಿಡಿದರೆ ಪ್ರತಿ ವಾಲ್ವಿಗೆ 75 ನಿಮಿಷ, ನಾಲ್ಕಕ್ಕೂ ಸೇರಿ 300 ನಿಮಿಷ.

ಈಗ ರಾತ್ರಿ ಹತ್ತಕ್ಕೆ ಬಂದ ಕರೆಂಟು 110 ನಿಮಿಷ ಇದ್ದು ಹೋಯಿತು, ಬೆಳಗಿನ ಜಾವ ಮತ್ತೆ ಬಂದು 190 ನಿಮಿಷ ನಿಂತಿತು ಎಂದುಕೊಳ್ಳಿ. ಮೊದಲ ಕಂತಿನಲ್ಲಿ ಒಂದನೇ ವಾಲ್ವಿನ 75 ನಿಮಿಷ ಮುಗಿದು, ಎರಡನೆಯದಕ್ಕೆ 35 ನಿಮಿಷ ಸಿಕ್ಕಿರುತ್ತದೆ. ಸಾದಾ ಟೈಮರಿನ ಒಳಗಿನ ಸಣ್ಣ ಬ್ಯಾಟರಿ ಗಡಿಯಾರವನ್ನು ಮಾತ್ರ ಕಾಯುತ್ತದೆ, ನೀರು ಎಲ್ಲಿಗೆ ನಿಂತಿತ್ತು ಎಂಬುದನ್ನು ನೆನಪಿಡುವುದಿಲ್ಲ. ನಿಗದಿಯಾದ ಆರಂಭದ ಹೊತ್ತಿನಲ್ಲಿ ಕರೆಂಟ್ ಇಲ್ಲದಿದ್ದರೆ ಆ ಸರದಿಯನ್ನೇ ಅದು ಬಿಟ್ಟುಬಿಡುತ್ತದೆ. ಇದನ್ನು ತಪ್ಪಿಸಲು ಕರೆಂಟ್ ಬಂದ ಕೂಡಲೇ ಶುರುವಾಗುವಂತೆ ವೈರಿಂಗ್ ಮಾಡಿಸಿದರೆ ಪ್ರತಿ ಸಲವೂ ಒಂದನೇ ವಾಲ್ವಿನಿಂದಲೇ ಹೊರಡುತ್ತದೆ. ಆಗ ಎರಡನೇ ಕಂತಿನಲ್ಲಿ ಒಂದನೆಯದಕ್ಕೆ ಇನ್ನೊಮ್ಮೆ 75, ಎರಡನೆಯದಕ್ಕೆ 75, ಮೂರನೆಯದಕ್ಕೆ 40 ನಿಮಿಷ ಸಿಕ್ಕಿ, ನಾಲ್ಕನೆಯದಕ್ಕೆ ಒಂದು ಹನಿಯೂ ಹೋಗುವುದಿಲ್ಲ. ಒಂದನೇ ಎಕರೆಯ ಗಿಡಗಳು 40 ಲೀಟರ್ ಕುಡಿದ ದಿನವೇ ನಾಲ್ಕನೇ ಎಕರೆಯವು ಒಣಗಿರುತ್ತವೆ. ಹೀಗೆ ವಾರಗಟ್ಟಲೆ ನಡೆದರೆ ತೋಟದ ಒಂದು ತುದಿಯಲ್ಲಿ ಬುಡ ಜೌಗಾಗಿ, ಇನ್ನೊಂದು ತುದಿಯಲ್ಲಿ ಹರಳು ಉದುರುತ್ತದೆ. ಡ್ರಿಪ್ಪರ್ ಕಟ್ಟಿಕೊಂಡಿರಬೇಕೆಂದು ಲ್ಯಾಟರಲ್‌ಗಳನ್ನು ತೊಳೆಯುತ್ತಾ ಕುಳಿತರೆ ಕಾರಣ ಸಿಗುವುದಿಲ್ಲ.

ಮೊಬೈಲ್ ಕಂಟ್ರೋಲರ್ ಉಳಿದ ನಿಮಿಷಗಳನ್ನು ನೆನಪಿಡುತ್ತದೆ. ಅಷ್ಟರ ಮಟ್ಟಿಗೆ ಅದು ಮೊದಲನೆಯದಕ್ಕಿಂತ ಬಹಳ ಮೇಲು. ಆದರೆ ಅದರಲ್ಲಿ ಎರಡು ತೊಡಕುಗಳನ್ನು ಕಂಡೆ. ಕರೆಂಟ್ ಇದೆಯೆಂದರೆ ಮೋಟರ್ ಓಡುತ್ತಿದೆ ಎಂದೇ ಅದು ನಂಬುತ್ತದೆ. ವೋಲ್ಟೇಜ್ ಕುಸಿದು ಸ್ಟಾರ್ಟರ್ ಟ್ರಿಪ್ ಆದ ರಾತ್ರಿ, ಪೈಪಿನಲ್ಲಿ ನೀರೇ ಇಲ್ಲದಾಗಲೂ ನಿಮಿಷಗಳನ್ನು ಎಣಿಸುತ್ತಾ ಹೋಗಿ, ಬೆಳಿಗ್ಗೆ ನಾಲ್ಕೂ ವಾಲ್ವ್ ಮುಗಿದವೆಂದು ಸಂದೇಶ ಕಳಿಸುತ್ತದೆ.

ಎರಡನೆಯ ತೊಡಕು ಮಣ್ಣಿನ ತೇವ ಅಳೆಯುವ ಸೆನ್ಸರಿನದು. ಇಡೀ ತೋಟಕ್ಕೆ ಇರುವ ಒಂದೇ ಸೆನ್ಸರ್ ಒಂದನೇ ಎಕರೆಯಲ್ಲಿದೆ. ಕರೆಂಟ್ ಮರಳಿದಾಗಲೆಲ್ಲ ಈ ಕಂಟ್ರೋಲರ್ ಆ ಸೆನ್ಸರನ್ನು ಮತ್ತೆ ಕೇಳುತ್ತದೆ. ಅಷ್ಟು ಹೊತ್ತಿಗೆ ಒಂದನೇ ಎಕರೆಗೆ ನೀರು ಬಿದ್ದಿರುವುದರಿಂದ ತೇವ ಸಾಕಷ್ಟಿದೆ ಎಂಬ ಉತ್ತರ ಬರುತ್ತದೆ, ಉಳಿದ ಸರದಿ ರದ್ದಾಗುತ್ತದೆ. ಸೆನ್ಸರ್ ಸುಳ್ಳು ಹೇಳಿಲ್ಲ; ಕೇಳಬಾರದ ಹೊತ್ತಿನಲ್ಲಿ ಅದನ್ನು ಕೇಳಲಾಗಿದೆ. ಸೆನ್ಸರ್ ಒದ್ದೆ ಎಂದ ಕೂಡಲೇ ನೀರು ನಿಲ್ಲಿಸುವ ಕ್ರಮವೂ ನಮಗೆ ಒಗ್ಗುವುದಿಲ್ಲ. ಡ್ರಿಪ್ಪರಿನ ನೀರು ಒಂದು ಅಡಿ ಆಳದ ಸೆನ್ಸರಿಗೆ ಇಳಿಯಲು ಸಾಕಷ್ಟು ಹೊತ್ತು ಹಿಡಿಯುತ್ತದೆ, ಅದು ಹೇಳುವಷ್ಟರಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನೀರು ಹೋಗಿಬಿಟ್ಟಿರುತ್ತದೆ. ಈವತ್ತು ನೀರು ಬೇಕೋ ಬೇಡವೋ ಎಂಬುದನ್ನು ಸೆನ್ಸರ್ ಹೇಳಲಿ, ಎಷ್ಟು ಎಂಬುದನ್ನು ಗಡಿಯಾರ ಹೇಳಲಿ.

ಮೂರನೆಯ ಕಂಟ್ರೋಲರ್ ಈ ಕ್ರಮದಲ್ಲೇ ನಡೆಯುತ್ತದೆ. ಸರದಿ ಆರಂಭವಾಗುವ ಮುನ್ನ ಒಮ್ಮೆ ಮಾತ್ರ ಸೆನ್ಸರ್ ನೋಡುತ್ತದೆ. ನಮ್ಮ ಕೆಂಪು ಮಣ್ಣಿಗೆ 30 ಸೆಂಟಿಬಾರ್ ಇಟ್ಟಿದ್ದೇವೆ. ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ, 30 ದಾಟಿದ್ದರೆ ಸರದಿ ಹೊರಡುತ್ತದೆ. ಫಿಲ್ಟರ್ ದಾಟಿದ ಮೇಲಿನ ಪೈಪಿಗೆ ಕೂರಿಸಿದ ಪ್ರೆಷರ್ ಸ್ವಿಚ್ಚು ಒತ್ತಡವಿದೆ ಎಂದಾಗ ಮಾತ್ರ ನಿಮಿಷ ಎಣಿಕೆಯಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಎರಡನೇ ಕಂತು ಎರಡನೇ ವಾಲ್ವಿನ ಬಾಕಿ 40 ನಿಮಿಷದಿಂದ ಮುಂದುವರಿದು, ಮೂರು ಮತ್ತು ನಾಲ್ಕಕ್ಕೆ ತಲಾ 75 ಸಿಕ್ಕಿ, 190 ನಿಮಿಷಕ್ಕೆ ಸರಿಯಾಗಿ ಮುಗಿಯುತ್ತದೆ.

ವಾಲ್ವ್‌ಗಳ ಬಗೆಯೂ ಬೇರೆ. ಮೊದಲನೆಯದರ 24 ವೋಲ್ಟ್ ಎಸಿ ಸೊಲೆನಾಯ್ಡ್ ಕರೆಂಟ್ ಹೋದೊಡನೆ ಮುಚ್ಚಿಕೊಳ್ಳುತ್ತದೆ. ಕರೆಂಟ್ ಬಂದಾಗ ವಾಲ್ವ್ ತೆರೆಯುವ ಮೊದಲೇ ಆಟೋ ಸ್ಟಾರ್ಟರ್ ಮೋಟರನ್ನು ಎಬ್ಬಿಸಿದರೆ ನೀರಿಗೆ ದಾರಿಯಿಲ್ಲದೆ ಒತ್ತಡವೆಲ್ಲ ಪಿವಿಸಿ ಜಾಯಿಂಟ್‌ಗಳ ಮೇಲೆ ಬೀಳುತ್ತದೆ. ಮೂರನೆಯದರ ವಾಲ್ವ್‌ಗಳು ಒಂದು ಕ್ಷಣದ ಮಿಡಿತಕ್ಕೆ ತೆರೆದು, ಉಲ್ಟಾ ಮಿಡಿತ ಬರುವವರೆಗೂ ತೆರೆದೇ ಇರುತ್ತವೆ. ಆದ್ದರಿಂದ ಕರೆಂಟ್ ಮರಳಿದಾಗ ದಾರಿ ಸಿದ್ಧವಾಗಿರುತ್ತದೆ. ಇದಕ್ಕೂ ಒಂದು ಮಿತಿಯಿದೆ: ವೈರನ್ನು ಹೆಗ್ಗಣ ಕಡಿದರೆ ವಾಲ್ವ್ ಮುಚ್ಚುವುದೇ ಇಲ್ಲ, ಮುಂದಿನ ಸರದಿಯ ನೀರು ಎರಡು ಎಕರೆಗೆ ಹಂಚಿಹೋಗುತ್ತದೆ. ಫಿಲ್ಟರ್ ಕಟ್ಟಿಕೊಂಡಾಗ ಪ್ರೆಷರ್ ಸ್ವಿಚ್ಚು ಎಣಿಕೆಯನ್ನೇ ನಿಲ್ಲಿಸಿ, ಒಂದೇ ವಾಲ್ವ್ ಗಂಟೆಗಟ್ಟಲೆ ತೆರೆದಿರುವುದೂ ಉಂಟು. ಬೋರಿನಲ್ಲಿ ಮರಳು ಬರುವವರು ಡಿಸ್ಕ್ ಫಿಲ್ಟರನ್ನು ಆಗಾಗ ಬಿಚ್ಚಿ ತೊಳೆಯಲೇಬೇಕು.

ಮೊಬೈಲ್ ಸೌಲಭ್ಯ ಮೂರನೆಯದರಲ್ಲಿ ಇಲ್ಲ. ದಿನಾ ಬೆಳಿಗ್ಗೆ ತೋಟಕ್ಕೆ ಹೋಗುವ ನನಗೆ ಅದರ ಕೊರತೆ ಕಾಣಿಸಿಲ್ಲ. ಬೆಂಗಳೂರಿನಲ್ಲಿದ್ದು ವಾರಕ್ಕೊಮ್ಮೆ ಬರುವವರಿಗೆ ಕಾಣಿಸೀತು. ಬೆಲೆಯಲ್ಲಿ ಸಾದಾ ಟೈಮರ್ ಎಲ್ಲಕ್ಕಿಂತ ಅಗ್ಗ. ಮೂರನೆಯದು ವಾಲ್ವ್‌ಗಳನ್ನೂ ಬದಲಿಸಬೇಕಾದ್ದರಿಂದ ದುಬಾರಿ, ಆದರೆ ತಿಂಗಳ ಸಿಮ್ ಖರ್ಚು ಇಲ್ಲ. ಕೃಷಿಹೊಂಡದಿಂದ ಸೋಲಾರ್ ಪಂಪಿನಲ್ಲಿ ಹಗಲು ಹೊತ್ತು ಮಾತ್ರ ನೀರು ಬಿಡುವವರಿಗೆ ಮೂರನೆಯದರ ಖರ್ಚು ಬೇಡ, ಸಾದಾ ಟೈಮರೇ ಸಾಕು.

ಅಂಗಡಿಯಲ್ಲಿ ಯಾವುದನ್ನೇ ನೋಡಿದರೂ ಮೇಜಿನ ಮೇಲೆಯೇ ಒಂದು ಪರೀಕ್ಷೆ ಮಾಡಿಸಿ. ಎರಡು ವಾಲ್ವಿಗೆ ತಲಾ ಹತ್ತು ನಿಮಿಷ ಹಾಕಿಸಿ, ಎರಡನೆಯದು ನಾಲ್ಕು ನಿಮಿಷ ಓಡಿದ ಮೇಲೆ ಪ್ಲಗ್ ಕೀಳಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿಸಿ. ಪರದೆಯ ಮೇಲೆ ಎರಡನೇ ವಾಲ್ವ್, ಬಾಕಿ ಆರು ನಿಮಿಷ ಎಂದು ಬಂದರೆ ಮಾತ್ರ ಬೆಲೆಯ ಮಾತಿಗೆ ಇಳಿಯಿರಿ. ಮೂರನೆಯ ಬಗೆಯದಾದರೆ ಪ್ರೆಷರ್ ಸ್ವಿಚ್ಚಿನ ಎರಡು ವೈರ್‌ಗಳನ್ನು ಸೇರಿಸಿ, ಬಿಡಿಸಿ ನೋಡಿ. ಬಿಡಿಸಿದ ಕೂಡಲೇ ನಿಮಿಷದ ಎಣಿಕೆ ನಿಲ್ಲಬೇಕು.