ಕಾರ್ಡ್ ಚಾರ್ಜು ಗ್ರಾಹಕರ ಮೇಲೋ, ರೇಟಿನ ಒಳಗೋ? ಒಂದು ಫ್ರಿಜ್ಜಿನ ಲೆಕ್ಕ

ದಾವಣಗೆರೆಯಲ್ಲಿ ನಮ್ಮದು ಫ್ರಿಜ್, ವಾಷಿಂಗ್ ಮಷೀನ್, ಮಿಕ್ಸಿ, ಫ್ಯಾನ್ ಮಾರುವ ಅಂಗಡಿ. ಕಾರ್ಡ್ ಉಜ್ಜಿದರೆ 2 ಪರ್ಸೆಂಟ್ ಜಾಸ್ತಿ ಎಂದು ಕೆಲವು ಕಾಲ ಹಾಕಿದೆ. ಆಮೇಲೆ ಅದನ್ನು ತೆಗೆದು ಮಾಲಿನ ರೇಟಿನಲ್ಲೇ ಸೇರಿಸಿದೆ. ಎರಡರಲ್ಲೂ ಕೈಗೆ ಎಷ್ಟು ಉಳಿಯಿತು, ಗಿರಾಕಿ ಏನಂದರು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ಚಾರ್ಜು ಎಲ್ಲೆಲ್ಲಿ ಬೀಳುತ್ತದೆ ನೋಡೋಣ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐಗೆ, ರೂಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಅಂಗಡಿಯವರಿಗೆ ಏನೂ ಇಲ್ಲ. ಬೇರೆ ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿದೆ: ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿದ್ದರೆ 0.40 ಪರ್ಸೆಂಟ್, ಅದಕ್ಕಿಂತ ಮೇಲಿದ್ದರೆ 0.90. ಡೆಬಿಟ್ ಕಾರ್ಡಿನ ಚಾರ್ಜನ್ನು ಗಿರಾಕಿ ಮೇಲೆ ಹಾಕುವಂತಿಲ್ಲ ಎಂದೂ ಅದು ಹೇಳಿದೆ. ಹಾಗಾಗಿ ನಿಜವಾದ ತಲೆನೋವು ಕ್ರೆಡಿಟ್ ಕಾರ್ಡ್ ಒಂದೇ. ಅದಕ್ಕೆ ಮಿತಿ ಇಲ್ಲ, ಬ್ಯಾಂಕಿನ ಜೊತೆ ಮಾತಾಡಿಕೊಂಡಷ್ಟು. ನನಗೆ 1.8 ಪರ್ಸೆಂಟ್, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ.

ಈಗ ಫ್ರಿಜ್ಜಿಗೆ ಬರೋಣ. ನಾನು 24,700ಕ್ಕೆ ತಂದು 26,000ಕ್ಕೆ ಕೊಡುತ್ತೇನೆ, ಎರಡೂ ಜಿಎಸ್‌ಟಿ ಸೇರಿಸಿ. ನೋಡಲು 1,300 ಲಾಭ. ಅದರಲ್ಲಿ ತೆರಿಗೆ ಕಳೆದರೆ ನನ್ನದು 1,100 ಚಿಲ್ಲರೆ. ಗಿರಾಕಿ ಕ್ರೆಡಿಟ್ ಕಾರ್ಡ್ ಉಜ್ಜಿದರೆ 468 ರೂಪಾಯಿ ಬ್ಯಾಂಕಿಗೆ ಹೋಗುತ್ತದೆ. ಅದರ ಮೇಲಿನ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್‌ನಲ್ಲಿ ವಾಪಸ್ ಸಿಗುತ್ತದೆ, ಅದನ್ನು ಬಿಡಿ. ಆದರೂ ಲಾಭದ ನೂರರಲ್ಲಿ ನಲವತ್ತಕ್ಕಿಂತ ಜಾಸ್ತಿ ಹೋಯಿತು. ಇಂಥ ಮಾರ್ಜಿನ್ ಇರುವವರು 2 ಪರ್ಸೆಂಟ್ ಕೇಳುವುದು ದುರಾಸೆಯಿಂದ ಅಲ್ಲ.

ಆದರೆ ಆ 2 ಪರ್ಸೆಂಟ್ ಚಾರ್ಜನ್ನು ಪೂರ್ತಿ ತುಂಬಿಸುವುದಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. 26,000ಕ್ಕೆ 520 ಸೇರಿಸಿ 26,520 ಉಜ್ಜುತ್ತೀರಿ. ಬ್ಯಾಂಕ್ ತನ್ನ 1.8 ಪರ್ಸೆಂಟನ್ನು ಲೆಕ್ಕ ಹಾಕುವುದು 26,520ರ ಮೇಲೆ, ಅಂದರೆ 477. ಇನ್ನು ಆ 520 ಕೂಡ ಮಾಲಿನ ಬೆಲೆಯ ಭಾಗವೇ. ಮಾರುವಾಗ ಗಿರಾಕಿಯಿಂದ ತೆಗೆದುಕೊಳ್ಳುವ ಇತರೆ ಖರ್ಚೂ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಬೆಲೆಯೊಳಗೆ ಬರುತ್ತದೆ. ಹಾಗಾಗಿ 520ರಲ್ಲಿ ಸುಮಾರು 79 ರೂಪಾಯಿ ತೆರಿಗೆ. ನನಗೆ ಉಳಿದದ್ದು 441, ಬ್ಯಾಂಕಿಗೆ ಕೊಟ್ಟದ್ದು 477. ಬಯ್ಸಿಕೊಂಡೂ 36 ರೂಪಾಯಿ ಕೈಯಿಂದ ಹೋಯಿತು! ಸರಿದೂಗಬೇಕಾದರೆ 2.2 ಪರ್ಸೆಂಟಿನ ಹತ್ತಿರ ಕೇಳಬೇಕು. 520ನ್ನು ಬಿಲ್ಲಿನಲ್ಲಿ ತೋರಿಸದೆ ಇಟ್ಟುಕೊಳ್ಳುವವರೂ ಇದ್ದಾರೆ. ಆದರೆ ಮಷೀನಿನ ಮೊತ್ತಕ್ಕೂ ಬಿಲ್ಲಿಗೂ ತಾಳೆಯಾಗದಿದ್ದರೆ ಆಡಿಟರ್ ಮೊದಲು ಕೇಳುವುದೇ ಅದನ್ನು.

ಕೌಂಟರಿನ ಗಲಾಟೆ ಬೇರೆ. ನಮ್ಮಲ್ಲಿ ಚೌಕಾಸಿ ಇಲ್ಲದೆ ವ್ಯಾಪಾರ ಇಲ್ಲ. ಅರ್ಧ ಗಂಟೆ ಮಾತಾಡಿ 300 ಇಳಿಸಿಕೊಂಡ ಗಿರಾಕಿಗೆ ಕೊನೆಯಲ್ಲಿ 520 ಸೇರುತ್ತೆ ಅಂದರೆ ಹೇಗಿರುತ್ತೆ? "ಏನಣ್ಣ, ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ಕೊಂಡ್ರಲ್ಲ" ಅಂದವರಿದ್ದಾರೆ. ಪರಿಚಯದವರಿಗೆ ಹುಡುಗರು ಬಿಟ್ಟುಬಿಡುತ್ತಾರೆ, ಹೊಸಬರಿಗೆ ಹಾಕುತ್ತಾರೆ. ಇದು ಊರಲ್ಲಿ ಬೇಗ ಗೊತ್ತಾಗುತ್ತದೆ. ಬ್ಯಾಂಕಿನ ಜೊತೆ ಮಾಡಿಕೊಂಡ ಒಪ್ಪಂದದಲ್ಲೂ ಕಾರ್ಡಿಗೆ ಹೆಚ್ಚು ಹಣ ಕೇಳಬಾರದು ಎಂಬ ಸಾಲು ಇರುತ್ತದೆ, ನನ್ನದರಲ್ಲೂ ಇತ್ತು. ಗಿರಾಕಿ ದೂರು ಕೊಟ್ಟರೆ ಮಷೀನ್ ವಾಪಸ್ ತೆಗೆದುಕೊಳ್ಳಬಹುದು. ಎಂಆರ್‌ಪಿಗೇ ಮಾರುವ ಬಲ್ಬು, ಬ್ಯಾಟರಿ ಸೆಲ್ಲಿಗಂತೂ ಮೇಲೆ ಒಂದು ರೂಪಾಯಿ ಸೇರಿಸಿದರೂ ತಪ್ಪೇ.

ಇನ್ನು ರೇಟಿನೊಳಗೆ ಸೇರಿಸುವ ದಾರಿ. ಇಲ್ಲಿ ಎಲ್ಲ ಮಾಲಿಗೂ 2 ಪರ್ಸೆಂಟ್ ಏರಿಸಬೇಕಾಗಿಲ್ಲ. ನಿಮ್ಮ ಮಾರಾಟದಲ್ಲಿ ಕ್ರೆಡಿಟ್ ಕಾರ್ಡಿನ ಪಾಲು ಎಷ್ಟು ಎಂಬುದಷ್ಟೇ ಮುಖ್ಯ. ಬಿಲ್ಲುಗಳ ಎಣಿಕೆ ಬೇಡ, ರೂಪಾಯಿ ಲೆಕ್ಕ ನೋಡಿ. ನಮ್ಮಲ್ಲಿ ಚಾರ್ಜು ಇದ್ದಾಗ ಅದು ಐದರಲ್ಲಿ ಒಂದು ಪಾಲು ಇತ್ತು. ಆ ಲೆಕ್ಕದಲ್ಲಿ ಸರಾಸರಿ ಹೊರೆ 0.36 ಪರ್ಸೆಂಟ್. ಅದಕ್ಕೆ ಜಿಎಸ್‌ಟಿ ಸೇರಿಸಿ ಬೆಲೆಗೆ ಹಚ್ಚಿದರೆ ಫ್ರಿಜ್ಜಿಗೆ 110 ರೂಪಾಯಿ. ಬಹಳ ಕಡಿಮೆ ಅನ್ನಿಸಿತು.

ಆದರೆ ಚಾರ್ಜು ತೆಗೆದ ಕೂಡಲೇ ಆ ಪಾಲು ನಿಂತಲ್ಲಿ ನಿಲ್ಲಲಿಲ್ಲ. ಮೊದಲು ಯುಪಿಐ ಮಾಡುತ್ತಿದ್ದವರು ಪಾಯಿಂಟ್ಸ್ ಸಿಗುತ್ತೆ ಎಂದು ಕಾರ್ಡ್ ತೆಗೆದರು. ಪಾಲು ಮೂರರಲ್ಲಿ ಒಂದಕ್ಕೆ ಬಂತು, 110 ಹೋಗಿ 185ರ ಹತ್ತಿರ ಆಯಿತು. ಅಂದರೆ 26,000ದ ಫ್ರಿಜ್ಜಿಗೆ ನಾನು 26,200 ಹೇಳಬೇಕು, ಪಕ್ಕದ ರಸ್ತೆಯವನು 26,000 ಹೇಳುತ್ತಾನೆ. ಫೋನಿನಲ್ಲಿ ರೇಟ್ ಕೇಳುವವರ ಹತ್ತಿರ ಈ 200 ಜೋರಾಗಿ ಕೆಲಸ ಮಾಡುತ್ತದೆ. ಮತ್ತೆ, ಅಡಿಕೆ ಮಾರಿ ನೋಟು ಎಣಿಸಿ ಕೊಡುವ ರೈತ ಕೂಡ ಇನ್ನೊಬ್ಬರ ಕಾರ್ಡ್ ಪಾಯಿಂಟ್ಸಿಗೆ ದುಡ್ಡು ಕೊಟ್ಟಂತಾಯಿತು. ಇದು ನನಗೆ ಸರಿ ಕಾಣಲಿಲ್ಲ.

ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಫ್ಯಾನಿನ ಮಾತೇ ಬೇರೆ. 2,900ರ ಮಿಕ್ಸಿಗೆ 20 ರೂಪಾಯಿ ಏರಿದ್ದು ಯಾರಿಗೂ ಕಾಣಲೇ ಇಲ್ಲ. ಮಾರ್ಜಿನ್ ಸ್ವಲ್ಪ ದೊಡ್ಡದು, ಕಾರ್ಡ್ ತೆಗೆಯುವವರು ಕಡಿಮೆ. ಅಲ್ಲಿ ರೇಟಿನೊಳಗೆ ಸೇರಿಸುವುದೇ ಗೆದ್ದಿತು, ಇಂದಿಗೂ ಹಾಗೇ ಇಟ್ಟಿದ್ದೇನೆ.

ದೊಡ್ಡ ಮಾಲಿಗೆ ಎರಡರ ನಡುವಿನ ದಾರಿ ಹಿಡಿದೆ. ಫ್ರಿಜ್ಜಿನ ಚೀಟಿಯಲ್ಲಿ 26,500 ಬರೆದು, ಕ್ಯಾಶ್, ಯುಪಿಐ, ಡೆಬಿಟ್ ಕಾರ್ಡಿಗೆ 500 ರಿಯಾಯಿತಿ. ಮಾರುವಾಗಲೇ ಬಿಲ್ಲಿನಲ್ಲಿ ತೋರಿಸುವ ರಿಯಾಯಿತಿಗೆ ಜಿಎಸ್‌ಟಿ ಕಟ್ಟಬೇಕಾಗಿಲ್ಲ, ತೆರಿಗೆ 26,000ದ ಮೇಲಷ್ಟೇ. ಕ್ರೆಡಿಟ್ ಕಾರ್ಡಿನವರು 26,500 ಕೊಟ್ಟರೆ ನನಗೆ 50 ರೂಪಾಯಿ ಹೊರೆ, ಸಹಿಸಬಹುದು. ಲೆಕ್ಕದಲ್ಲಿ 2 ಪರ್ಸೆಂಟ್ ಹಾಕಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಆದರೆ ಗಿರಾಕಿಗೆ ಬಾಗಿಲಲ್ಲೇ ಎರಡೂ ರೇಟು ಗೊತ್ತಿರುತ್ತದೆ, ಕೊನೆಯಲ್ಲಿ ಜಗಳ ಇಲ್ಲ. ಜೇಬಲ್ಲಿದ್ದ ಕಾರ್ಡನ್ನು ಅಲ್ಲೇ ಬಿಟ್ಟು ಫೋನ್ ತೆಗೆಯುವವರೇ ಜಾಸ್ತಿ.

ಇದರಲ್ಲೂ ಒಂದು ಸೋರಿಕೆ ಇದೆ. ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐ ಆಪ್‌ಗೆ ಜೋಡಿಸಿ ಕ್ಯೂಆರ್ ಸ್ಕ್ಯಾನ್ ಮಾಡಬಹುದು. ಸೌಂಡ್ ಬಾಕ್ಸ್ ಎಂದಿನಂತೆ ಕೂಗುತ್ತದೆ, ನಾವು ಯುಪಿಐ ಎಂದುಕೊಂಡು 500 ಬಿಡುತ್ತೇವೆ. ಇಂಥ ದೊಡ್ಡ ಮೊತ್ತಕ್ಕೆ ಚಾರ್ಜು ಬೀಳುತ್ತದೆ, ಗೊತ್ತಾಗುವುದು ಮಾರನೇ ದಿನ ಸೆಟಲ್‌ಮೆಂಟ್ ರಿಪೋರ್ಟಿನಲ್ಲಿ. 26,000ಕ್ಕೆ ಬದಲು ಅದಕ್ಕಿಂತ ಕಡಿಮೆ ಜಮೆ ಆಗಿದ್ದರೆ ಅದೇ ಗುರುತು. ನನ್ನ ಕ್ಯೂಆರ್ ಆಪ್‌ನಲ್ಲಿ ಕ್ರೆಡಿಟ್ ಕಾರ್ಡ್ ಬೇಡ ಎಂದು ಆಫ್ ಮಾಡುವ ಜಾಗ ಇತ್ತು, ಮಾಡಿದೆ. ವಿದೇಶಿ ಕಾರ್ಡನ್ನೂ ಗಮನಿಸಿ. ಊರಿಗೆ ಬಂದ ಮಗ ಅಪ್ಪ ಅಮ್ಮನಿಗೆ ವಾಷಿಂಗ್ ಮಷೀನ್ ಕೊಡಿಸುವಾಗ ಅಲ್ಲಿನ ಕಾರ್ಡ್ ಉಜ್ಜಿದರೆ ನನಗೆ 3 ಪರ್ಸೆಂಟ್ ದಾಟುತ್ತದೆ. ಆಗ 500 ಸಾಲದು.

ಮೊಬೈಲ್ ಮಾರುವ ಗೆಳೆಯರೊಬ್ಬರು ಈ ಲೆಕ್ಕ ನೋಡಿ ನಕ್ಕರು. ಅವರ ಮಾರ್ಜಿನ್ 3 ಪರ್ಸೆಂಟಿನ ಒಳಗೆ. ಆನ್‌ಲೈನ್ ರೇಟು ಎಲ್ಲರ ಕೈಯಲ್ಲೂ ಇರುವುದರಿಂದ ಚೀಟಿಯಲ್ಲಿ 500 ಏರಿಸಿ ಬರೆಯುವಂತಿಲ್ಲ. ಅವರು ಕಂಪನಿಯೇ ಖರ್ಚು ಹೊರುವ ಇಎಂಐ ಆಫರ್ ಇದ್ದಾಗ ಮಾತ್ರ ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುತ್ತಾರೆ, ಉಳಿದ ದಿನ ಮಷೀನನ್ನು ಡ್ರಾಯರಿನಲ್ಲಿ ಇಡುತ್ತಾರೆ.